0.74 ಯಾರದು?

ಮೊನ್ನೆ ಓದಿದ ಕ್ಯಾನ್ಸರ್ ಪ್ರಬಂಧವೊಂದು ಪ್ರಪೋರ್ಷನಲ್ ಹಜಾರ್ಡ್ಸ್ ಊಹೆಯ ವಿಚಾರವನ್ನು ಒಂದೇ ಸಾಲಿನಲ್ಲಿ ಮುಗಿಸಿತ್ತು: ಪರೀಕ್ಷಿಸಿದ್ದಾರೆ, ಪಿ ಮೌಲ್ಯ 0.05ಕ್ಕಿಂತ ಹೆಚ್ಚಿದೆ, ಅಲ್ಲಿಗೆ ಸರಿ. ಈ ಸಾಲು ಕಂಡರೆ ನನಗೆ ಮೈ ಉರಿಯುತ್ತದೆ. ಸಾವುಗಳು ಕಡಿಮೆ ಇದ್ದರೆ ದೊಡ್ಡ ವ್ಯತ್ಯಾಸವೂ ಈ ಪರೀಕ್ಷೆಯ ಕಣ್ತಪ್ಪಿಸುತ್ತದೆ; ಸಾವಿರಾರು ಇದ್ದರೆ ಲೆಕ್ಕಕ್ಕೆ ಬಾರದ್ದೂ ಸಿಕ್ಕಿಬೀಳುತ್ತದೆ.

ನೋಡಬೇಕಾದ್ದು ಚಿತ್ರವನ್ನು. ಷೋನ್‌ಫೆಲ್ಡ್ 1982ರಲ್ಲಿ ಕೊಟ್ಟ ಉಪಾಯ ಎಷ್ಟು ಸರಳ! ಪ್ರತಿ ಘಟನೆಯ ಗಳಿಗೆಯಲ್ಲೂ, ಅದಕ್ಕೆ ಈಡಾದವರು ಯಾವ ಔಷಧದ ಗುಂಪಿನವರು ಎಂದು ನೋಡು. ಆಗ ಇನ್ನೂ ಲೆಕ್ಕದಲ್ಲಿ ಉಳಿದಿದ್ದವರ ನಡುವೆ ಮಾಡೆಲ್ ನಿರೀಕ್ಷಿಸಿದ್ದ ಸರಾಸರಿಯನ್ನು ಅದರಿಂದ ಕಳೆ. ಊಹೆ ನಿಜವಾದರೆ ಈ ಶೇಷಗಳು ಕಾಲದುದ್ದಕ್ಕೂ ಗೊತ್ತುಗುರಿಯಿಲ್ಲದೆ ಚೆಲ್ಲಿಕೊಂಡಿರುತ್ತವೆ. ಗ್ರಾಂಬ್ಷ್ ಮತ್ತು ಥರ್ನೋ 1994ರಲ್ಲಿ ಇವುಗಳನ್ನು ತಕ್ಕ ಅಳತೆಗೆ ತಂದು, ಹಜಾರ್ಡ್ ರೇಷಿಯೋದ ಲಾಗ್ ಕಾಲಕ್ಕೆ ತಕ್ಕಂತೆ ಹೇಗೆ ಏರಿಳಿಯುತ್ತದೆ ಎಂಬುದನ್ನೇ ಗೆರೆಯಾಗಿ ಕಾಣಿಸಿದರು. R ಬಳಸುವವರಿಗೆ ಅದು `plot(cox.zph(fit))`. ಒಂದು ಸಾಲು ಟೈಪ್ ಮಾಡಲೂ ಸೋಮಾರಿತನವೇ?

2009ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗವನ್ನೇ ನೋಡಿ. ಪೂರ್ವ ಏಷ್ಯಾದ 1217 ಶ್ವಾಸಕೋಶ ಕ್ಯಾನ್ಸರ್ ರೋಗಿಗಳು; ಅರ್ಧ ಜನಕ್ಕೆ ಜೆಫಿಟಿನಿಬ್ ಮಾತ್ರೆ, ಉಳಿದವರಿಗೆ ಕೀಮೋ. ರೋಗ ಉಲ್ಬಣಿಸುವ ಅಥವಾ ಸಾವಿನ ಹಜಾರ್ಡ್ ರೇಷಿಯೋ 0.74, ಮಾತ್ರೆಯ ಪರ. ಆದರೆ ಮಧ್ಯಮಾಂಕ ನೋಡಿದರೆ ಮಾತ್ರೆಗೆ 5.7 ತಿಂಗಳು, ಕೀಮೋಗೆ 5.8. ಮೊದಲ ಆರು ತಿಂಗಳು ಕೀಮೋ ಮುಂದು, ಅಲ್ಲಿ ಎರಡು ಗುಂಪುಗಳ ಗೆರೆಗಳು ಒಂದನ್ನೊಂದು ದಾಟುತ್ತವೆ, ಆಮೇಲೆ ಮಾತ್ರೆ ಮುಂದು. ಹನ್ನೆರಡನೇ ತಿಂಗಳಿಗೆ ರೋಗ ಉಲ್ಬಣಿಸದೆ ಉಳಿದವರು ಮಾತ್ರೆ ಗುಂಪಿನಲ್ಲಿ ಶೇ. 24.9, ಕೀಮೋ ಗುಂಪಿನಲ್ಲಿ 6.7.

ಹಾಗಾದರೆ ಆರು ತಿಂಗಳ ಮುಂಚೆ ಒಂದು, ಆಮೇಲೆ ಒಂದು ಎಂದು ಎರಡು ರೇಷಿಯೋ ಕೊಟ್ಟರಾಯಿತು ಎಂದು ಬರೆಯಹೊರಟಿದ್ದೆ. ಸಾಲದು. ಇಜಿಎಫ್‌ಆರ್ ಮ್ಯುಟೇಶನ್ ಇದ್ದವರಲ್ಲಿ ರೇಷಿಯೋ 0.48, ಇಲ್ಲದವರಲ್ಲಿ 2.85. ಅಂದರೆ ಔಷಧದ ಗುಣ ಆರನೇ ತಿಂಗಳಿಗೆ ತಿರುಗಿದ್ದಲ್ಲ. ಮಾತ್ರೆ ನಾಟದವರು ಬೇಗ ಲೆಕ್ಕದಿಂದ ಹೊರಬಿದ್ದರು. ಮಾತ್ರೆಯ ಗುಂಪಿನಲ್ಲಿ ಆಮೇಲೆ ಉಳಿದವರು ಬಹುಪಾಲು ಮ್ಯುಟೇಶನ್ ಇದ್ದವರು. ಎರಡನೇ ಅವಧಿಯ ರೇಷಿಯೋ ಹೋಲಿಸುವುದು ಈ ಉಳಿದವರನ್ನು, ಮೊದಲು ಚೀಟಿ ಎತ್ತಿ ಹಂಚಿದ ಸರಿಸಮ ಗುಂಪುಗಳನ್ನಲ್ಲ. ಕಾಲದೊಂದಿಗೆ ಬದಲಾದದ್ದು ಪರಿಣಾಮವೋ ಜನರೋ ಎಂಬುದನ್ನು ಷೋನ್‌ಫೆಲ್ಡ್ ಶೇಷಗಳ ಚಿತ್ರವೂ ಹೇಳದು.

ಮ್ಯುಟೇಶನ್ ಫಲಿತಾಂಶ ಸಿಕ್ಕಿದ್ದು ಬರೀ 437 ಮಂದಿಯದು. ಹಾಗಾಗಿ ಇಡೀ ಗುಂಪಿನ ಬಗ್ಗೆ ಬರೆಯುವಾಗ ಆರು ಮತ್ತು ಹನ್ನೆರಡು ತಿಂಗಳ ಶೇಕಡಾವಾರು, ಜೊತೆಗೆ ಹನ್ನೆರಡು ತಿಂಗಳೊಳಗೆ ರೋಗ ಉಲ್ಬಣಿಸದೆ ಕಳೆದ ಸರಾಸರಿ ಕಾಲ, ಎಲ್ಲವನ್ನೂ ವಿಶ್ವಾಸಾಂತರದೊಡನೆ ಕೊಡಬೇಕು. ಆ ಹನ್ನೆರಡು ತಿಂಗಳ ಗಡುವನ್ನು ಗೆರೆ ನೋಡುವ ಮೊದಲೇ ನಿಗದಿ ಮಾಡಿರಬೇಕು.