ನಲ್ಲಿ ನೀರಿನ ಲೆಕ್ಕದಲ್ಲಿ ನಮ್ಮವ್ವನ ಗಂಟೆಗೆ ಎಷ್ಟು ರೂಪಾಯಿ?



ಊರಿಗೆ ಹೊಸ ಕುಡಿಯುವ ನೀರಿನ ಯೋಜನೆ ಬರುತ್ತದೆ ಅಂದರೆ ಮೊದಲು ಬರುವುದು ನೀರಲ್ಲ, ವರದಿ. ಆ ದಪ್ಪ ವರದಿಯ ಕೊನೆಯಲ್ಲಿ ಒಂದು ಅಂಕಿ ಇರುತ್ತದೆ. ಅದು ಸೊನ್ನೆಗಿಂತ ಮೇಲಿದ್ದರೆ ಯೋಜನೆ ಪಾಸು, ಕೆಳಗಿದ್ದರೆ ಫೇಲು. ಇದಕ್ಕೆ ವೆಚ್ಚ-ಲಾಭದ ವಿಶ್ಲೇಷಣೆ ಅಂತ ಹೆಸರು. ಅರ್ಥಶಾಸ್ತ್ರ ಓದುವ ನಮ್ಮ ಹಾಸ್ಟೆಲ್ ಹುಡುಗರು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಆದರೆ ಆ ಅಂಕಿಯೊಳಗೆ ತಮ್ಮ ಅವ್ವ ಎಲ್ಲಿದ್ದಾಳೆ ಅಂತ ಹುಡುಕಿದವರು ಕಡಿಮೆ. ಈ ಸಲ ಅದನ್ನೇ ಹುಡುಕೋಣ.

ಲೆಕ್ಕಕ್ಕೆ ಅಂತ ಒಂದು ಊರು ಕಟ್ಟಿಕೊಳ್ಳೋಣ. ಅಂಕಿಗಳು ನಾವೇ ಇಟ್ಟುಕೊಂಡವು, ಲೆಕ್ಕದ ದಾರಿ ಮಾತ್ರ ನಿಜವಾದದ್ದು. ಊರಲ್ಲಿ 5,000 ಮನೆ. 4,000 ಮನೆಗೆ ಮನೆಯೊಳಗೇ ನಲ್ಲಿ. ಕೇರಿಯ 1,000 ಮನೆಗೆ ಬೀದಿ ನಲ್ಲಿ. ಪೈಪು, ಪಂಪು, ಮೇಲ್ಮಟ್ಟದ ಟ್ಯಾಂಕು ಎಲ್ಲ ಸೇರಿ ಖರ್ಚು 10 ಕೋಟಿ. ಕರೆಂಟು, ಕ್ಲೋರಿನ್, ಸಂಬಳ ಅಂತ ವರ್ಷಕ್ಕೆ 40 ಲಕ್ಷ. ಲಾಭದ ಕಡೆ, ಮನೆ ನಲ್ಲಿ ಇರುವವರಿಗೆ ಮನೆಯೊಂದಕ್ಕೆ ವರ್ಷಕ್ಕೆ 3,400 ರೂಪಾಯಿ, ಕೇರಿಯ ಮನೆಗೆ 2,400 ರೂಪಾಯಿ ಅಂತ ಬರೆದಿದ್ದಾರೆ. ಒಟ್ಟು 1 ಕೋಟಿ 60 ಲಕ್ಷ. ಖರ್ಚು ಕಳೆದರೆ ವರ್ಷಕ್ಕೆ 1 ಕೋಟಿ 20 ಲಕ್ಷ ಉಳಿತು. ಯೋಜನೆಯ ಆಯುಸ್ಸು 25 ವರ್ಷ.

ಇಪ್ಪತ್ತೈದು ವರ್ಷಕ್ಕೆ 30 ಕೋಟಿ ಆಯಿತಲ್ಲ, ಹತ್ತು ಹಾಕಿ ಮೂವತ್ತು ಪಡೆದ ಹಾಗೆ ಅಂತ ನೀವು ಅನ್ನಬಹುದು. ಲೆಕ್ಕದವರು ಒಪ್ಪುವುದಿಲ್ಲ. ಇವತ್ತಿನ ರೂಪಾಯಿಯೇ ಬೇರೆ, ಮುಂದೆ ಬರುವ ರೂಪಾಯಿಯೇ ಬೇರೆ ಅಂತಾರೆ. ಇದರಲ್ಲಿ ಮೋಸವಿಲ್ಲ. ಇವತ್ತಿನ 100 ರೂಪಾಯಿಯನ್ನು ಬೇರೆ ಕೆಲಸಕ್ಕೆ ಹಾಕಿದ್ದರೆ ಮುಂದಿನ ವರ್ಷ 112 ಆಗುತ್ತಿತ್ತು ಅನ್ನುವುದಾದರೆ, ಮುಂದಿನ ವರ್ಷದ 112 ಇವತ್ತಿನ 100ಕ್ಕೆ ಸಮ. ಹೀಗೆ ಹಿಂದಕ್ಕೆ ಇಳಿಸುತ್ತಾ ಬರುವ ದರಕ್ಕೆ ಸೋಡಿ ದರ ಅನ್ನುತ್ತಾರೆ, ಕಾಲೇಜಿನಲ್ಲಿ ಡಿಸ್ಕೌಂಟ್ ರೇಟು. ಸಾಹುಕಾರನ ಬಡ್ಡಿಯನ್ನು ಹಿಂದುಮುಂದಾಗಿ ಹಿಡಿದ ಹಾಗೆ. ಶೇಕಡಾ 12ರಲ್ಲಿ ಇಳಿಸಿದರೆ 25ನೇ ವರ್ಷದ 100 ರೂಪಾಯಿ ಇವತ್ತಿಗೆ ಸುಮಾರು 6 ರೂಪಾಯಿ. ಶೇಕಡಾ 6ರಲ್ಲಿ ಇಳಿಸಿದರೆ ಸುಮಾರು 23.

ಈಗ ನಮ್ಮ ಊರಿಗೆ ಬನ್ನಿ. ವರ್ಷ ವರ್ಷದ 1.20 ಕೋಟಿಯನ್ನು ಶೇಕಡಾ 12ರಲ್ಲಿ ಇವತ್ತಿಗೆ ಇಳಿಸಿದರೆ ಒಟ್ಟು ಸಿಗುವುದು 9.41 ಕೋಟಿ. ಖರ್ಚು 10 ಕೋಟಿ. ಯೋಜನೆ 59 ಲಕ್ಷ ನಷ್ಟ, ಫೇಲು. ಶೇಕಡಾ 6ರಲ್ಲಿ ಇಳಿಸಿದರೆ 15.34 ಕೋಟಿ. ಐದು ಕೋಟಿಗೂ ಮೇಲೆ ಲಾಭ, ಪಾಸು. ನದಿ ಅದೇ, ಪೈಪು ಅದೇ, ಬಾಯಾರಿಕೆಯೂ ಅದೇ. ಬದಲಾದದ್ದು ಮೇಜಿನ ಮೇಲಿನ ಒಂದು ದರ. ವಿಶ್ವಬ್ಯಾಂಕಿನಂಥವರು ದಶಕಗಳ ಕಾಲ 10ರಿಂದ 12ರ ದರವನ್ನೇ ರೂಢಿಯಾಗಿ ಹಿಡಿದು ಬಂದರು. ಹಾಗಂತ ದರ ಇಳಿಸಿದರೆ ಬಡವರಿಗೆ ಒಳ್ಳೆಯದು ಅಂತ ಕುಣಿಯಬೇಡಿ. ಕಡಿಮೆ ದರ ಹಾಕಿದರೆ ಹಳ್ಳಿ ಮುಳುಗಿಸುವ ದೊಡ್ಡ ಅಣೆಕಟ್ಟೂ ಪಾಸಾಗುತ್ತದೆ. ಆದ್ದರಿಂದ ಕೇಳಬೇಕಾದ್ದು ಇಷ್ಟೇ: ಯಾವ ದರ ಹಿಡಿದಿರಿ, ಯಾಕೆ ಹಿಡಿದಿರಿ, ಬೇರೆ ದರದಲ್ಲಿ ಏನಾಗುತ್ತದೆ ತೋರಿಸಿ.

ಎರಡನೆಯದು ನೆರಳು ಬೆಲೆ. ಅಂಗಡಿಯಲ್ಲಿ ಕೊಟ್ಟ ಬೆಲೆ ಒಂದು, ಸಮಾಜಕ್ಕೆ ಬೀಳುವ ನಿಜವಾದ ಬೆಲೆ ಇನ್ನೊಂದು. ಸಿಮೆಂಟಿಗೆ ಕೊಟ್ಟ ತೆರಿಗೆ ಸರ್ಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುವ ಹಣ, ಅದು ನಿಜವಾದ ಖರ್ಚಲ್ಲ. ಕೂಲಿಯದೂ ಹಾಗೆಯೇ. ಬೇಸಿಗೆಯಲ್ಲಿ ಕೆಲಸವಿಲ್ಲದೆ ಕೂತವನನ್ನು ಪೈಪಿನ ಗುಂಡಿ ತೋಡಲು ಕರೆದರೆ, ಅವನು ಬಿಟ್ಟು ಬಂದ ಬೇರೆ ಕೆಲಸ ಏನು? ಬಹುಪಾಲು ಏನೂ ಇಲ್ಲ. ಆದ್ದರಿಂದ 400 ರೂಪಾಯಿ ಕೂಲಿ ಕೊಟ್ಟರೂ ಸಮಾಜಕ್ಕೆ ಬೀಳುವ ಖರ್ಚು 200 ಅಂತ ಹಿಡಿಯುತ್ತಾರೆ. 1972ರಲ್ಲಿ ದಾಸ್‌ಗುಪ್ತ, ಮಾರ್ಗ್ಲಿನ್, ಅಮರ್ತ್ಯ ಸೇನ್ ಸೇರಿ ವಿಶ್ವಸಂಸ್ಥೆಯ ಕೈಗಾರಿಕಾ ಸಂಸ್ಥೆಗೆ ಬರೆದುಕೊಟ್ಟ ಕೈಪಿಡಿಯಲ್ಲಿ ಈ ವಿಚಾರ ವಿಸ್ತಾರವಾಗಿದೆ. ಬಡವನ ಕೈಸೇರುವ ರೂಪಾಯಿಗೆ ಶ್ರೀಮಂತನ ರೂಪಾಯಿಗಿಂತ ಹೆಚ್ಚು ತೂಕ ಕೊಡಬಹುದು ಅನ್ನುವ ಮಾತೂ ಅದರಲ್ಲಿದೆ.

ನಮ್ಮ ಊರಿನ 10 ಕೋಟಿಯಲ್ಲಿ 3 ಕೋಟಿ ಬರೀ ಕೂಲಿ ಅಂದುಕೊಳ್ಳಿ. ಅರ್ಧಕ್ಕೆ ಹಿಡಿದರೆ ಖರ್ಚು ಎಂಟೂವರೆ ಕೋಟಿಗೆ ಇಳಿಯಿತು. ಶೇಕಡಾ 12ರಲ್ಲೇ ಫೇಲಾಗಿದ್ದ ಯೋಜನೆ ಈಗ 91 ಲಕ್ಷ ಲಾಭಕ್ಕೆ ಬಂತು. ಇಲ್ಲೊಂದು ಎಚ್ಚರ ಬೇಕು. ಲೆಕ್ಕದಲ್ಲಿ ಅರ್ಧ ಅಂದರೆ ಕೈಗೆ ಅರ್ಧ ಕೊಡು ಅಂತಲ್ಲ. ಕೂಲಿ ಪೂರ್ತಿ ಕೊಡಬೇಕು. ಕಂಟ್ರಾಕ್ಟರು ಈ ಎರಡನ್ನೂ ಒಂದೇ ಮಾಡಿದರೆ ಅದು ಅರ್ಥಶಾಸ್ತ್ರವಲ್ಲ, ಕಳ್ಳತನ.

ಈಗ ಅಸಲು ವಿಚಾರ. ಗುಂಡಿ ತೋಡುವವನಿಗೆ ಹಿಡಿದ ಅಳತೆಗೋಲನ್ನೇ ಉಳಿದವರಿಗೂ ಹಿಡಿದಿದ್ದಾರಾ?

ಕೇರಿಯ ಮನೆಗೆ 2,400 ರೂಪಾಯಿ ಲಾಭ ಅಂದರಲ್ಲ, ಅದು ಎಲ್ಲಿಂದ ಬಂತು? ಬೀದಿ ನಲ್ಲಿ ಹತ್ತಿರ ಬಂದರೆ ಹೆಂಗಸಿಗೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ, ವರ್ಷಕ್ಕೆ 365 ಗಂಟೆ. ಭಾಗಿಸಿ ನೋಡಿ. ಗಂಟೆಗೆ ಆರೂವರೆ ರೂಪಾಯಿ ಚಿಲ್ಲರೆ. ಅವಳು ಮನೇಲೇ ಇರ್ತಾಳಲ್ಲ, ಏನು ಸಂಪಾದನೆ ಅಂತ ಯಾರೋ ಬರೆದದ್ದು. ಸರಿ, ಅವರದೇ ಅಳತೆಗೋಲು ಹಿಡಿಯೋಣ. ದಿನಕ್ಕೆ 200 ಅಂದರೆ ಎಂಟು ಗಂಟೆ ದುಡಿಮೆಗೆ ಗಂಟೆಗೆ 25. ಆಗ ಕೇರಿಯ ಒಂದು ಮನೆಯ ಲಾಭ 2,400 ಅಲ್ಲ, ಸುಮಾರು 9,100. ಸಾವಿರ ಮನೆಗೆ 24 ಲಕ್ಷ ಇದ್ದದ್ದು 91 ಲಕ್ಷವಾಯಿತು.

ಇನ್ನೊಂದು ಕಡೆಯೂ ಅದೇ ಅಳತೆಗೋಲು ಹಿಡಿಯಬೇಕು. ಈ ಊರಿನ ನೀರು ಬರುವುದು ಒಂದು ಕೆರೆಯಿಂದ ಅನ್ನಿ. ಕೆರೆಯ ಅಚ್ಚುಕಟ್ಟಿನಲ್ಲಿ 100 ಎಕರೆ ಗದ್ದೆಗೆ ಇನ್ನು ನೀರಿಲ್ಲ. ಗದ್ದೆಯ ಒಡೆಯರಿಗೆ ಪರಿಹಾರ ಸಿಕ್ಕಿದೆ, ಅದು 10 ಕೋಟಿಯೊಳಗೇ ಸೇರಿದೆ. ಪರಿಹಾರ ಕಟ್ಟುವುದು ಹೇಗೆ? ಬೆಳೆಯ ಬೆಲೆಯಲ್ಲಿ ಬೀಜ, ಗೊಬ್ಬರ, ಕೂಲಿ ಕಳೆದು ಉಳಿದದ್ದು ಒಡೆಯನ ನಷ್ಟ. ಹಾಗೆ ಕಳೆದುಬಿಟ್ಟ ಕೂಲಿಯೇ ನಾಟಿ ಹಾಕುತ್ತಿದ್ದ ನಮ್ಮವರ ಅನ್ನ! ಎಕರೆಗೆ 50 ಆಳಿನಂತೆ ವರ್ಷಕ್ಕೆ 5,000 ಆಳಿನ ಕೆಲಸ ಹೋಯಿತು. ಗುಂಡಿ ತೋಡುವಾಗ ಇವರಿಗೆ ಬೇರೆ ಕೆಲಸವಿಲ್ಲ ಅಂತ ಬರೆದವರು, ನಾಟಿ ಕೆಲಸ ಹೋದಾಗ ಇವರು ಬೇರೆ ಕಡೆ ಪೂರ್ತಿ ದುಡಿದುಕೊಳ್ಳುತ್ತಾರೆ ಅಂತ ಬರೆಯುವ ಹಾಗಿಲ್ಲ. 400ರಲ್ಲಿ 200 ನಷ್ಟ ಅಂತ ಹಿಡಿದರೂ ವರ್ಷಕ್ಕೆ 10 ಲಕ್ಷ. ಅದನ್ನು ಲೆಕ್ಕಕ್ಕೆ ಸೇರಿಸಿ. ನಮ್ಮ ವಾದಕ್ಕೆ ಯೋಜನೆಯ ಲಾಭ ಇಳಿದರೂ ಸೇರಿಸಬೇಕು.

ಎಲ್ಲ ತಿದ್ದಿದ ಮೇಲೆ ವರ್ಷದ ಉಳಿಕೆ 1.77 ಕೋಟಿ. ಶೇಕಡಾ 12ರಲ್ಲೇ ಇಳಿಸಿ ಖರ್ಚು ಕಳೆದರೆ ಯೋಜನೆಗೆ 5.38 ಕೋಟಿ ಲಾಭ. ಬಹಳ ಒಳ್ಳೆಯ ಯೋಜನೆ. ಆದರೆ ಕೇರಿಯ ನಲ್ಲಿಗೆ ನೀರು ಬಂದರೆ ಮಾತ್ರ. ಬಾರದೆ ಹೋದರೆ ಆ 91 ಲಕ್ಷ ಕಳೆಯಿರಿ. ಅದೇ ಯೋಜನೆ 1 ಕೋಟಿ 75 ಲಕ್ಷ ನಷ್ಟ! ಮೊದಲಿನ ವರದಿಯ ಲೆಕ್ಕದಲ್ಲಿ ಕೇರಿಯ ಪಾಲು ಬರೀ 24 ಲಕ್ಷ. ಆದ್ದರಿಂದಲೇ ಕೇರಿಗೆ ನೀರು ಬಾರದಿದ್ದರೂ ಕಚೇರಿಯಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ. ಅವ್ವನ ಗಂಟೆಗೆ ಸರಿಯಾದ ಬೆಲೆ ಕಟ್ಟಿದರೆ, ಪೈಪಿನ ಕೊನೆಯಲ್ಲಿರುವ ಕೇರಿಯೇ ಯೋಜನೆಯ ಹಣೆಬರಹ ಬರೆಯುತ್ತದೆ.

ಕಾಗದದಲ್ಲಿ ಬಂದ ನೀರು ಬಾಯಿಗೆ ಬರುವುದಿಲ್ಲ ಅನ್ನುವುದು ನಮಗೆ ಹೊಸದಲ್ಲ. ಮಹಾಡಿನ ಪುರಸಭೆ 1924ರಲ್ಲೇ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಅಂತ ಠರಾವು ಮಾಡಿತ್ತು. ಒಂದು ಬೊಗಸೆ ನೀರು ಕುಡಿಯಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಬೇಕಾಯಿತು. ಠರಾವನ್ನೇ ಲಾಭ ಅಂತ ಬರೆದಿದ್ದರೆ ಆ ಮೂರು ವರ್ಷದ ಲೆಕ್ಕವೂ ಪಾಸಾಗುತ್ತಿತ್ತು.

ಸರಾಸರಿ ಕೂಡ ಹೀಗೇ ಮುಚ್ಚಿಡುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ದಿನಕ್ಕೊಮ್ಮೆ ನೀರು ಬರುತ್ತಿತ್ತು. 2007-08ರ ಸುಮಾರಿಗೆ ಕೆಲವು ವಾರ್ಡುಗಳಿಗೆ ಮಾತ್ರ ಇಪ್ಪತ್ನಾಲ್ಕು ಗಂಟೆ ನೀರು ಕೊಟ್ಟರು. ಸಂಶೋಧಕರು ಎರಡೂ ಬಗೆಯ ವಾರ್ಡಿನ ಮಕ್ಕಳನ್ನು ಹೋಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಗಳನ್ನು ಬೇರೆ ಮಾಡಿ ನೋಡಿದಾಗ ಮಾತ್ರ ರಕ್ತಭೇದಿ ಕಡಿಮೆಯಾದದ್ದು ಕಂಡಿತು. ಬೇರೆ ಮಾಡಿ ನೋಡದಿದ್ದರೆ ಆ ಲಾಭ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಗೆದ್ದವರ ಲಾಭ ಸೋತವರ ನಷ್ಟಕ್ಕಿಂತ ಹೆಚ್ಚಿದ್ದರೆ ಸಾಕು, ಗೆದ್ದವರು ಸೋತವರಿಗೆ ಪರಿಹಾರ ಕೊಡಲು ಸಾಧ್ಯವಿದೆಯಲ್ಲ ಅನ್ನುವುದು ಈ ಲೆಕ್ಕದ ತಳಪಾಯ. ಕೊಡಲು ಸಾಧ್ಯ ಅನ್ನುವುದಕ್ಕೂ ಕೊಟ್ಟರು ಅನ್ನುವುದಕ್ಕೂ ಇರುವ ದೂರ ನಮ್ಮ ಜನ ನಡೆದು ಸವೆಸಿದ ದೂರ. ಆದ್ದರಿಂದ ಕೊನೆಯ ಅಂಕಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ ಇರಬೇಕು: ಮನೆ ನಲ್ಲಿಯವರು, ಬೀದಿ ನಲ್ಲಿಯವರು, ಗದ್ದೆಯ ಒಡೆಯರು, ಗದ್ದೆಯ ಕೂಲಿಯವರು, ಪುರಸಭೆ. ಯಾರಿಗೆ ಎಷ್ಟು ಬಂತು, ಯಾರಿಂದ ಎಷ್ಟು ಹೋಯಿತು?

ರಜಕ್ಕೆ ಊರಿಗೆ ಹೋಗುವವರು ಒಂದು ಕೆಲಸ ಮಾಡಿ. ನೀರು ಬಿಡುವ ಹೊತ್ತಿಗೆ ಕೇರಿಯ ಕೊನೆಯ ನಲ್ಲಿ ಹತ್ತಿರ ಗಡಿಯಾರ ಹಿಡಿದು ನಿಲ್ಲಿ. ಒಂದು ಕೊಡ ತುಂಬಲು ಎಷ್ಟು ಹೊತ್ತು, ಸಾಲಿನಲ್ಲಿ ಎಷ್ಟು ಹೊತ್ತು ಬರೆದುಕೊಳ್ಳಿ. ಮೇಲಿನ ಬೀದಿಯಲ್ಲಿ ಪೈಪಿಗೇ ಮೋಟಾರು ಹಚ್ಚಿ ನೀರು ಎಳೆಯುತ್ತಿದ್ದರೆ ಕೊನೆಯ ನಲ್ಲಿ ಗೊರಗೊರ ಅನ್ನುತ್ತದೆ, ಕೊಡ ತುಂಬುವುದಿಲ್ಲ. ಹದಿನೈದು ದಿನ ಬರೆದ ಆ ಹಾಳೆ ಹಿಡಿದು ಪುರಸಭೆಗೆ ಹೋಗಿ ವರದಿ ತೋರಿಸಿ ಅಂತ ಕೇಳಿ. ವರದಿಯಲ್ಲಿ ನಮ್ಮವ್ವನ ಗಂಟೆಗೆ ಎಷ್ಟು ಬರೆದಿದ್ದಾರೆ ಅನ್ನುವ ಪುಟವನ್ನು ಮೊದಲು ತೆರೆಸಿ.