ಹೊಲಿಗೆಯ ಹಿಂಬದಿ

ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ನಮ್ಮ ಅಂಗಿಗಳನ್ನು ಬಹುಕಾಲದಿಂದ ಹೊಲಿದುಕೊಡುತ್ತಿರುವ ದರ್ಜಿಯೊಬ್ಬರ ಮಗಳು ಕಸೂತಿಯ ಆನ್‌ಲೈನ್ ಅಂಗಡಿಯನ್ನು ತೆರೆದು ಈ ತಿಂಗಳಿಗೆ ಒಂದು ವರ್ಷವಾಯಿತು. ಮೊದಮೊದಲು ಕೊಂಡವರಿಗೆ ತಾನು ಬರೆದ ಕೃತಜ್ಞತಾಪತ್ರವನ್ನು ಆಕೆ ನಮ್ಮಲ್ಲಿಗೆ ತಂದು, “ಮೇಷ್ಟ್ರೇ, ತಪ್ಪಿದ್ದರೆ ತಿದ್ದಿಕೊಡಿ” ಎಂದಳು. ತಿದ್ದಲು ಕುಳಿತ ನಾವೇ ಅದರಿಂದ ಕೆಲವು ಸಂಗತಿಗಳನ್ನು ಕಲಿತೆವು.

ಆಕೆಯದು ಧಾರವಾಡದ ಸೀಮೆಯ ಕಸೂತಿ. ತಾಯಿಯಿಂದ ಬಂದ ವಿದ್ಯೆ. ಇದರಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಚುಚ್ಚತಕ್ಕದ್ದು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಸಮನಾಗಿ ಎಡೆಬಿಟ್ಟು ಹೊಲಿದು, ಮರಳುವಾಗ ಆ ಎಡೆಗಳನ್ನು ತುಂಬುತ್ತ ಬರುವರು. ದಾರಕ್ಕೆ ಗಂಟು ಹಾಕುವುದಿಲ್ಲ. ಆದುದರಿಂದ ಬಟ್ಟೆಯ ಎರಡು ಬದಿಯೂ ಒಂದೇ ತೆರನಾಗಿ ಕಾಣುವುದು. ಒಂದೆಳೆ ತಪ್ಪಿ ಎಣಿಸಿದರೆ ಗೋಪುರದ ಒಂದು ಪಾರ್ಶ್ವ ಓರೆಯಾಗುವುದು. ಆಗ ಬಿಚ್ಚುವುದೊಂದೇ ಉಪಾಯ.

ಆಕೆ ಮೊದಲು ಅಂಗಡಿಯಲ್ಲಿ ಮುಂಬದಿಯ ಚಿತ್ರವನ್ನು ಮಾತ್ರ ತೋರಿಸುತ್ತಿದ್ದಳು. ಹುಬ್ಬಳ್ಳಿಯ ವೃದ್ಧೆಯೊಬ್ಬರು, “ಹಿಂದಿನ ಮಗ್ಗಲಾ ತೋರಸವಾ” ಎಂದು ಬರೆದರು. ಯಂತ್ರದ ಹೊಲಿಗೆಯಾದರೆ ಹಿಂದೆ ಬೇರೆ ದಾರ ಕಾಣುವುದು. ಕೈಯ ಗವಂತಿಗೆ ಹಿಂಬದಿಯೇ ಸಾಕ್ಷಿ. ಅಂದಿನಿಂದ ಪ್ರತಿಯೊಂದಕ್ಕೂ ಎರಡು ಚಿತ್ರಗಳು.

ಇನ್ನೊಬ್ಬರ ಬಿಳಿಯ ರವಿಕೆಯಲ್ಲಿ ಮೊದಲನೆಯ ಒಗೆತಕ್ಕೇ ಕೆಂಪು ದಾರದ ಬಣ್ಣ ಹರಡಿತು. ಆಕೆ ಹಣವನ್ನು ಹಿಂದಿರುಗಿಸಿದಳು. ಆ ತಾಯಿ ಅದೇ ಹಣಕ್ಕೆ ಮತ್ತೊಂದನ್ನು ಹೊಲಿಸಿಕೊಂಡರು. ಈಗ ಹೊಸ ದಾರ ಬಂದೊಡನೆ ಗೇಣುದ್ದ ಕತ್ತರಿಸಿ, ಬಿಸಿನೀರಿನಲ್ಲಿ ನೆನೆಸಿ, ಬಿಳಿಯ ಬಟ್ಟೆಯ ಮಡಿಕೆಯಲ್ಲಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಒತ್ತುವಳು. ಕಲೆ ಬಿದ್ದರೆ ಆ ದಾರವನ್ನು ಮುಟ್ಟುವುದಿಲ್ಲ.

ಮೂರನೆಯವರು ಲೆಕ್ಕ ಬಲ್ಲವರು. ಗಿರಾಕಿಯೇ ಕಳುಹಿಸಿದ ರವಿಕೆಯ ಎರಡು ತೋಳುಗಳ ಅಂಚಿಗೆ ಆಕೆ 450 ರೂಪಾಯಿ ಪಡೆಯುತ್ತಿದ್ದಳು. ಅದರಲ್ಲಿ ದಾರಕ್ಕೆ 60, ಅಂಚೆಗೆ 50 ಹೋಗುತ್ತಿತ್ತು, ಉಳಿದದ್ದು 340. “ಕೆಲಸಕ್ಕೆ ಎಷ್ಟು ಹೊತ್ತು?” ಎಂದು ಅವರು ಕೇಳಿದರು. “14 ಗಂಟೆ.” ಗಂಟೆಗೆ 25 ರೂಪಾಯಿಯೂ ಬೀಳಲಿಲ್ಲ! ಹೀಗೆಯೇ ನಡೆದಿದ್ದರೆ ವರ್ಷ ತುಂಬುವ ಮೊದಲೇ ಅಂಗಡಿ ಮುಚ್ಚುತ್ತಿತ್ತು. ಆಕೆ ಬೆಲೆಯನ್ನು 1,200ಕ್ಕೆ ಏರಿಸಿದಳು. ಹಲವರು ಬಿಟ್ಟುಹೋದರು; ಈ ಮೂವರು ಉಳಿದರು.

ಪತ್ರದ ಕಡೆಯಲ್ಲಿ, “ನಿಮ್ಮ ದೂರುಗಳಿಗೆ ನನ್ನ ನಮಸ್ಕಾರ” ಎಂದಿತ್ತು. ದೂರು ಎಂಬುದನ್ನು ಹೊಡೆದು ಸಲಹೆ ಎಂದು ಬರೆಯಹೊರಟ ನಮ್ಮ ಲೇಖನಿ ಅಲ್ಲಿಯೇ ನಿಂತಿತು. ಪದ ಸರಿಯಾಗಿಯೇ ಇದ್ದಿತು.