ನೇಪಾಳದಲ್ಲಿ ಸ್ಕ್ಯಾನ್ ಮಾಡ್ರಿ, ಆದರೆ ಪಿನ್ ಒತ್ತೋ ಮುಂಚೆ ಲೆಕ್ಕ ಕೇಳ್ರಿ

"ವಿದೇಶಕ್ಕೆ ಹೋದರೂ ನಮ್ಮೂರಿನ ಹಾಗೇ ಸ್ಕ್ಯಾನ್ ಮಾಡಿ, ಹಣ ಬದಲಿಸುವ ಚಿಂತೆ ಬಿಡಿ" ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಇದು ಅರ್ಧ ನಿಜ ಎಂದು ನಾವು ಹೇಳುತ್ತೇವೆ. ಹಣ ಬದಲಾಗುವುದು ನಿಂತಿಲ್ಲ. ಬದಲಿಸುವವನು ಗಡಿಯ ಅಂಗಡಿಯಿಂದ ಎದ್ದು ನಮ್ಮ ಫೋನಿನೊಳಗೆ ಬಂದು ಕೂತಿದ್ದಾನೆ, ಅಷ್ಟೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಕಾಶಿ ಯಾತ್ರೆಗೆ ಹೋಗುವವರಲ್ಲಿ ಕೆಲವರು ನೇಪಾಳ ದಾಟಿ ಪಶುಪತಿನಾಥನ ದರ್ಶನವನ್ನೂ ಮಾಡಿ ಬರುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಫೋನ್‌ಪೇ ಹೆಸರಿನ ಕ್ಯೂಆರ್ ಇರುತ್ತದೆ. ಇದು ನಮ್ಮ ಫೋನ್‌ಪೇ ಆಪ್ ಅಲ್ಲ. Fonepay ಎಂದು ಬರೆಯುವ ನೇಪಾಳದ್ದೇ ಕಂಪನಿ. ನಮ್ಮ ಯುಪಿಐ ನಡೆಸುವ ಎನ್‌ಪಿಸಿಐನ ವಿದೇಶಿ ಶಾಖೆ ಈ ಕಂಪನಿಯ ಜೊತೆ ಕೈಜೋಡಿಸಿ 2024ರ ಮಾರ್ಚ್‌ನಲ್ಲಿ ಈ ದಾರಿ ತೆರೆಯಿತು.

ಕೆಲಸ ನಡೆಯುವುದು ಹೀಗೆ. ಆಪ್ ಆ ಕ್ಯೂಆರ್ ಓದಿ ಅಂಗಡಿಯನ್ನು ಗುರುತಿಸುತ್ತದೆ. ನೀವು ನೇಪಾಳಿ ರೂಪಾಯಿಯಲ್ಲಿ ಮೊತ್ತ ಹಾಕುತ್ತೀರಿ. ಆಪ್ ಅದನ್ನು ನಮ್ಮ ರೂಪಾಯಿಗೆ ತಿರುಗಿಸಿ ತೋರಿಸುತ್ತದೆ. ಪಿನ್ ಒತ್ತಿದರೆ ನಮ್ಮ ಬ್ಯಾಂಕ್ ಖಾತೆಯಿಂದ ನಮ್ಮ ರೂಪಾಯಿ ಹೋಗುತ್ತದೆ, ಅಂಗಡಿಯವನಿಗೆ ಅವನ ರೂಪಾಯಿ ಸೇರುತ್ತದೆ. ನಡುವಿನ ಲೆಕ್ಕವನ್ನು ಎರಡೂ ಕಡೆಯ ಸಂಸ್ಥೆಗಳು ಆಮೇಲೆ ಚುಕ್ತಾ ಮಾಡಿಕೊಳ್ಳುತ್ತವೆ.

ನಮ್ಮ ತಕರಾರು ಇರುವುದು ಆ "ತಿರುಗಿಸಿ" ಎಂಬ ಜಾಗದಲ್ಲಿ. ಊರಲ್ಲಿ ಕಿರಾಣಿ ಅಂಗಡಿಗೆ ನೂರು ರೂಪಾಯಿ ಹಾಕಿದರೆ ನೂರೇ ಹೋಗುತ್ತದೆ. ಹಾಗಾಗಿ ಪರದೆ ನೋಡದೆ ಪಿನ್ ಒತ್ತುವುದು ನಮಗೆ ರೂಢಿಯಾಗಿದೆ. ವಿದೇಶದಲ್ಲಿ ಹಾಗಲ್ಲ. ಅಲ್ಲಿ ವಿನಿಮಯ ದರವೂ ಇರುತ್ತದೆ, ಅದರ ಮೇಲೆ ಬ್ಯಾಂಕು ಶುಲ್ಕವನ್ನೂ ಸೇರಿಸಬಹುದು. ಊರಿನ ರೂಢಿಯನ್ನೇ ಅಲ್ಲಿಗೂ ಹೊತ್ತೊಯ್ಯಿರಿ ಎಂದು ಹೇಳುವುದು ಕಣ್ಣು ಮುಚ್ಚಿಸಿ ವ್ಯಾಪಾರ ಮಾಡಿದ ಹಾಗೆ.

ಅದೃಷ್ಟಕ್ಕೆ ನೇಪಾಳದಲ್ಲಿ ಈ ಲೆಕ್ಕ ಹಿಡಿಯುವುದು ಬಹಳ ಸುಲಭ. 1993ರಿಂದ ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಎಂದು ದರ ಕಟ್ಟಿಟ್ಟಿದ್ದಾರೆ. ಡಾಲರಿನಂತೆ ದಿನಾ ಏರಿಳಿತವಿಲ್ಲ. ರುದ್ರಾಕ್ಷಿ ಮಾಲೆಗೆ 2,400 ನೇಪಾಳಿ ರೂಪಾಯಿ ಅಂದರು ಎಂದುಕೊಳ್ಳಿ. 1.6ರಿಂದ ಭಾಗಿಸಿದರೆ ನಮ್ಮ 1,500 ಆಗಬೇಕು. ಪರದೆ ಮೇಲೆ 1,545 ತೋರಿಸಿದರೆ, ಮೇಲಿನ 45 ರೂಪಾಯಿ ಮಾಲೆಯ ಬೆಲೆಯಲ್ಲ. ಅದು ನೂರಕ್ಕೆ ಮೂರರಂತೆ ಹಣ ಬದಲಿಸಿದ್ದರ ಕೂಲಿ. ಆ ಕೂಲಿ ಕೊಡುವುದೂ ಬಿಡುವುದೂ ನಿಮ್ಮಿಷ್ಟ, ಆದರೆ ಗೊತ್ತಿದ್ದು ಕೊಡಬೇಕು.

ಇನ್ನೊಂದು ಕಡೆಯೂ ಎಚ್ಚರ ಬೇಕು. ಸ್ಕ್ಯಾನ್ ಮಾಡಿದ ಮೇಲೆ ಪರದೆ ನೇಪಾಳಿ ಮೊತ್ತ ಕೇಳದೆ, ಸೀದಾ ನಮ್ಮ ರೂಪಾಯಿಯಲ್ಲೇ ಕೇಳಿ, ಯಾವುದೋ ವ್ಯಕ್ತಿಯ ಹೆಸರು ತೋರಿಸಿದರೆ ಅದು ಈ ವ್ಯವಸ್ಥೆಯ ಕ್ಯೂಆರ್ ಅಲ್ಲ. ಭಾರತದ ಯಾವುದೋ ಖಾತೆಯದ್ದು. ಅಲ್ಲಿ ದರ ಕಟ್ಟುವವನು ಅಂಗಡಿಯವನೇ. 2,400ಕ್ಕೆ ಅವನು 1,600 ಕೇಳಿದರೆ ನಿಮ್ಮ ನೂರು ರೂಪಾಯಿ ಅಲ್ಲೇ ಹೋಯಿತು. ಈ ಹೊಸ ದಾರಿ ಇರುವುದು ಅಂಗಡಿಗೆ ಹಣ ಕೊಡಲು ಮಾತ್ರ. ಗೈಡ್‌ಗೋ ಡ್ರೈವರ್‌ಗೋ ಅವರ ಸ್ವಂತ ನೇಪಾಳಿ ಖಾತೆಗೆ ಹಣ ಕಳಿಸಲು ಇದು ಆಗುವುದಿಲ್ಲ.

ಹೊರಡುವ ಮುಂಚೆ ಆಪ್‌ನಲ್ಲಿ UPI International ಎಂಬುದನ್ನು ಆನ್ ಮಾಡಿಕೊಳ್ಳಬೇಕು. ಅದು ಕೆಲವು ದಿನಗಳಿಗೆ ಮಾತ್ರ, ಅವಧಿ ಮುಗಿದರೆ ತಾನೇ ಆಫ್ ಆಗುತ್ತದೆ. ನಿಮ್ಮ ಬ್ಯಾಂಕು ಈ ಸೌಲಭ್ಯ ಕೊಟ್ಟಿದೆಯೋ ಇಲ್ಲವೋ ಎಂಬುದೂ ಅಲ್ಲೇ ತಿಳಿಯುತ್ತದೆ. ಖಾತೆಗೆ ಜೋಡಿಸಿದ ಸಿಮ್ ತೆಗೆದು ನೇಪಾಳದ ಸಿಮ್ ಹಾಕಿದರೆ ಆಪ್ ಕೆಲಸ ನಿಲ್ಲಿಸಬಹುದು. ನಮ್ಮ ಸಿಮ್ ಫೋನಿನಲ್ಲೇ ಇರಲಿ, ಇಂಟರ್ನೆಟ್ಟಿಗೆ ಲಾಡ್ಜಿನ ವೈಫೈ ಬಳಸಿ. ಬೆಟ್ಟದ ದಾರಿಯಲ್ಲಿ ವೈಫೈ ಸಿಗುವುದಿಲ್ಲ, ಅದಕ್ಕೆ ನಗದು ಇಟ್ಟುಕೊಳ್ಳಿ.

ಬ್ಯಾಂಕು, ಆಪ್ ಕಂಪನಿಗಳಿಗೆ ನಾವು ಕೇಳುವುದು ದೊಡ್ಡದೇನಲ್ಲ. ಪಿನ್ ಕೇಳುವ ಮುಂಚೆ ಮೂರು ಸಾಲು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರಲಿ: ಅಂಗಡಿಗೆ ಎಷ್ಟು, ದರ ಎಷ್ಟು, ನಿಮ್ಮ ಶುಲ್ಕ ಎಷ್ಟು. ಜಾಹೀರಾತನ್ನು ಕನ್ನಡದಲ್ಲಿ ಮಾಡಲು ಬರುತ್ತದೆ ಎಂದಮೇಲೆ ಲೆಕ್ಕವನ್ನೂ ಕನ್ನಡದಲ್ಲಿ ಕೊಡಲು ಬರಬೇಕು. ಅಲ್ಲಿಯವರೆಗೆ 1.6 ಎಂಬ ಒಂದು ಅಂಕಿಯನ್ನು ಯಾತ್ರೆಗೆ ಹೊರಟವರ ಕಿವಿಗೆ ಹಾಕಿ ಕಳಿಸಿ.